ಮೀನು ಸಾರಿನಲ್ಲಿ ತುಂಡುಗಳು ಒಡೆಯದಂತೆ ಬೇಯಿಸುವುದು ಹೇಗೆ?

ಪ್ರಶ್ನೆ: ಹುಣಸೆಹಣ್ಣು ಹಾಕಿ ಬಂಗುಡೆ ಸಾರು ಮಾಡಿದಾಗಲೆಲ್ಲ ತುಂಡುಗಳು ಒಡೆದು ಹೋಗುತ್ತವೆ. ಬಡಿಸುವ ಹೊತ್ತಿಗೆ ಅರ್ಧ ಮಾಂಸ ಸಾರಿನಲ್ಲಿ ಕರಗಿ, ಮುಳ್ಳು ಬೇರೆಯಾಗಿರುತ್ತದೆ. ಮಸಾಲೆ, ಹುಳಿ, ಮೀನು ಎಲ್ಲ ಒಟ್ಟಿಗೆ ಹಾಕಿ ಮುಚ್ಚಿ 20 ನಿಮಿಷ ಕುದಿಸುತ್ತೇನೆ, ತಳ ಹಿಡಿಯದಿರಲಿ ಅಂತ ಮಧ್ಯೆ ಸೌಟು ಆಡಿಸುತ್ತೇನೆ. ಹುಳಿ ಹೆಚ್ಚಾಗಿ ಹೀಗಾಗುತ್ತಿದೆಯೇ? ಮೊದಲು ಮೀನನ್ನು ಹುರಿದುಕೊಂಡು ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಹುಳಿಯದು ತಪ್ಪಿಲ್ಲ. ಆ 20 ನಿಮಿಷದ ಕುದಿತ ಬೇಕಾಗಿರುವುದು ಮಸಾಲೆಗೆ ಮತ್ತು ಹುಳಿಗೆ, ಮೀನಿಗಲ್ಲ. ಬಂಗುಡೆಯ ತುಂಡಿಗೆ ಐದಾರು ನಿಮಿಷ ಸಾಕು. ನೀವು ಮೂರನ್ನೂ ಒಟ್ಟಿಗೆ ಒಲೆ ಮೇಲಿಡುವುದರಿಂದ ಮಸಾಲೆಯ ಹಸಿವಾಸನೆ ಹೋಗುವಷ್ಟರಲ್ಲಿ ಮೀನು ಬೆಂದು, ಅದರ ಮೇಲೂ ಹತ್ತು ಹದಿನೈದು ನಿಮಿಷ ಕುದಿದಿರುತ್ತದೆ. ಸಾರನ್ನು ಪೂರ್ತಿ ಮುಗಿಸಿಕೊಂಡು, ರುಚಿ ನೋಡಿ, ಇನ್ನೇನು ಊಟಕ್ಕೆ ಇಳಿಸಬಹುದು ಅನ್ನುವ ಹಂತಕ್ಕೆ ತಂದು, ಆಮೇಲೆ ಮೀನು ಬಿಡಬೇಕು. ಉಳಿದದ್ದೆಲ್ಲ ಇದನ್ನು ನೆಟ್ಟಗೆ ಮಾಡುವ ವಿವರ.

ಮೀನು ಯಾಕೆ ಒಡೆಯುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಕೈ ತಾನಾಗಿಯೇ ಹಗುರಾಗುತ್ತದೆ. ಬೆಂದ ಬಂಗುಡೆಯ ಒಂದು ತುಂಡನ್ನು ತಟ್ಟೆಯಲ್ಲಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ತಳ್ಳಿ. ಮಾಂಸ ಎಳೆ ಎಳೆಯಾಗಿ ಬರುವುದಿಲ್ಲ, ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ಜಾರುತ್ತದೆ. ಹಸಿ ಮೀನಿನಲ್ಲಿ ಈ ಪದರಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ತೀರಾ ತೆಳ್ಳನೆಯ ಪೊರೆ. ಆಡು, ಕುರಿಯ ಮಾಂಸದಲ್ಲಿ ಇಂಥ ಪೊರೆ ದಪ್ಪ, ಗಟ್ಟಿ. ಅದು ಮೆತ್ತಗಾಗಲು ಗಂಟೆಗಟ್ಟಲೆ ಬೇಯಿಸಬೇಕು. ಮೀನಿನದ್ದು ಬಹಳ ಬೇಗ ಕರಗಿ ಅಂಟಿನಂತಾಗುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೀನು ಬೆಂದಿರುತ್ತದೆ, ಪೊರೆಯೂ ಸಡಿಲವಾಗಿರುತ್ತದೆ. ಕುದಿಯುವ ಸಾರು ಇರುವುದು 100 ಡಿಗ್ರಿಯಲ್ಲಿ. ಅಂದರೆ ಬೆಂದ ಮೀನಿನ ಪದರಗಳು ಆ ಹೊತ್ತಿನಲ್ಲಿ ಒಂದರ ಮೇಲೊಂದು ಸುಮ್ಮನೆ ಕೂತಿರುತ್ತವೆ, ಹೆಚ್ಚಿಗೆ ಏನೂ ಹಿಡಿದಿರುವುದಿಲ್ಲ. ತುಂಡನ್ನು ಇಡಿಯಾಗಿ ಇಟ್ಟಿರುವುದು ಹೊರಗಿನ ತೊಗಲು ಮತ್ತು ನಡುವಿನ ಮುಳ್ಳು, ಇವೆರಡೇ. ಅಂಥ ಹೊತ್ತಿನಲ್ಲಿ ಕೊತಕೊತ ಕುದಿ ಬಂದರೆ ಗುಳ್ಳೆಗಳೇ ಪದರಗಳನ್ನು ಬಿಡಿಸಿಬಿಡುತ್ತವೆ. ಅದರ ಮೇಲೆ ಸೌಟು ಬಿದ್ದರೆ ಕೇಳುವುದೇ ಬೇಡ.

ಈಗ ಹುಳಿಯ ವಿಷಯ. ಹುಣಸೆರಸದ ಹುಳಿ ಮೀನಿನ ಮೇಲ್ಮೈಯನ್ನು ಬೇಗ ಬಿಗಿಗೊಳಿಸುತ್ತದೆ. ಬಿಸಿ ಹುಳಿಸಾರಿಗೆ ಬಿದ್ದ ತುಂಡಿನ ಹೊರಮೈ ನೋಡನೋಡುತ್ತಲೇ ಬೆಳ್ಳಗಾಗಿ ಗಟ್ಟಿಯಾಗುವುದನ್ನು ನೀವೂ ಗಮನಿಸಿರಬಹುದು. ಬರಿನೀರಿನಲ್ಲಿ ಬೇಯಿಸಿದ ಮೀನಿಗಿಂತ ಹುಳಿಸಾರಿನ ಮೀನು ಚೆನ್ನಾಗಿ ನಿಲ್ಲುತ್ತದೆ. ಹುಳಿ ಕೆಡಿಸುವುದು ಎರಡು ಸಂದರ್ಭಗಳಲ್ಲಿ ಮಾತ್ರ. ಮೊದಲನೆಯದು, ಹಸಿಮೀನನ್ನು ಹುಳಿಯಲ್ಲಿ ಗಂಟೆಗಟ್ಟಲೆ ನೆನೆಸಿಟ್ಟಾಗ. ಹೊರಮೈ ಬಿಳಚಿಕೊಂಡು, ಬೆಂದಾಗ ಒಣಗಿ ಪುಡಿಪುಡಿಯಾಗುತ್ತದೆ. ಇನ್ನೊಂದು, ನೀವು ಮಾಡಿದಂತೆ ಹುಳಿಯಲ್ಲಿ ಬಹಳ ಹೊತ್ತು ಕುದಿಸಿದಾಗ. ಪೊರೆ ಕರಗುವುದಕ್ಕೆ ಆಗ ಹುಳಿಯೂ ಕೈಜೋಡಿಸುತ್ತದೆ. ಆದ್ದರಿಂದ ಹುಳಿ ಕಡಿಮೆ ಮಾಡಬೇಡಿ, ಅದರಲ್ಲಿ ಮೀನು ಇರುವ ಹೊತ್ತನ್ನು ಕಡಿಮೆ ಮಾಡಿ.

ಒಂದು ಅಳತೆ ಹಿಡಿದು ಪೂರ್ತಿ ಮಾಡಿ ನೋಡೋಣ. ಮಧ್ಯಮ ಗಾತ್ರದ ಬಂಗುಡೆ ಮೂರು ಅಥವಾ ನಾಲ್ಕು, ಶುಚಿ ಮಾಡಿದ ಮೇಲೆ ಅರ್ಧ ಕಿಲೋ ಎಂದಿಟ್ಟುಕೊಳ್ಳಿ.

ಕೊಳ್ಳುವಾಗಲೇ ಅರ್ಧ ಕೆಲಸ ಮುಗಿದಿರುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಉಳಿಯದೆ ಮೇಲೇಳಬೇಕು, ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು. ಇದು ಎಲ್ಲರಿಗೂ ಗೊತ್ತಿರುವುದೇ. ಬಂಗುಡೆ, ಬೂತಾಯಿಯಂಥ ಮೀನಿನಲ್ಲಿ ಇನ್ನೊಂದನ್ನು ನೋಡಬೇಕು, ಅದು ಹೊಟ್ಟೆಯ ಭಾಗ. ಇವುಗಳ ಕರುಳಿನ ರಸ ಬಹಳ ಚುರುಕು. ಹಿಡಿದ ಮೇಲೆ ತಣ್ಣಗಿಡದೆ ಬಿಟ್ಟರೆ ಅದು ಹೊಟ್ಟೆಯ ಗೋಡೆಯನ್ನೇ ಕರಗಿಸಿ ಒಡೆದುಬಿಡುತ್ತದೆ. ಹೊಟ್ಟೆ ಮೆತ್ತಗಾಗಿ ಒಡೆದಿದ್ದರೆ, ಅಥವಾ ಕತ್ತರಿಸಿದ ಮೈಯಲ್ಲಿ ಪದರಗಳ ನಡುವೆ ಆಗಲೇ ಬಿರುಕು ಕಾಣುತ್ತಿದ್ದರೆ, ಆ ಮೀನನ್ನು ನೀವು ಎಷ್ಟೇ ನಾಜೂಕಾಗಿ ಬೇಯಿಸಿದರೂ ಇಡಿಯಾಗಿ ಉಳಿಯುವುದಿಲ್ಲ. ಪೊರೆ ಒಲೆಗೆ ಬರುವ ಮೊದಲೇ ಸತ್ತುಹೋಗಿರುತ್ತದೆ. ಒಡೆಯುವುದರ ಮಾತು ಹಾಗಿರಲಿ, ಅಂಥ ಮೀನನ್ನು ತರದಿರುವುದೇ ಒಳ್ಳೆಯದು.

ತಲೆ ತೆಗೆದು ಒಂದೊಂದು ಮೀನನ್ನು ಎರಡು, ಹೆಚ್ಚೆಂದರೆ ಮೂರು ತುಂಡು ಮಾಡಿ. ತೊಗಲು ಸುಲಿಯಬೇಡಿ, ನಡುಮುಳ್ಳು ತೆಗೆಯಬೇಡಿ. ಕತ್ತಿ ಹರಿತವಾಗಿರಲಿ. ಮೊಂಡು ಕತ್ತಿಯಿಂದ ಅದುಮಿ ಅದುಮಿ ಕೊಯ್ದರೆ ಪದರಗಳು ಅಲ್ಲೇ ನಲುಗುತ್ತವೆ. ತುಂಡಿನ ಮೇಲೆ ಅಡ್ಡಡ್ಡ ಗೀರು ಹಾಕುವುದು ಹುರಿಯುವ ಮೀನಿಗೆ ಸರಿ, ಸಾರಿನ ಮೀನಿಗೆ ಬೇಡ. ಗೀರು ಬಿದ್ದ ಕಡೆ ತೊಗಲು ಸುರುಟಿ ಮಾಂಸ ಬಿಟ್ಟುಕೊಳ್ಳುತ್ತದೆ.

ತೊಳೆದು ನೀರು ಪೂರ್ತಿ ಬಸಿದ ಮೇಲೆ ಒಂದು ಚಮಚ ಉಪ್ಪು, ಚಿಟಿಕೆ ಅರಿಸಿನ ಸವರಿ 15ರಿಂದ 20 ನಿಮಿಷ ಬಿಡಿ. ಇದು ರುಚಿಗಷ್ಟೇ ಮಾಡುವ ಕೆಲಸ ಎಂದುಕೊಂಡು ಬಹಳ ಜನ ಬಿಟ್ಟುಬಿಡುತ್ತಾರೆ. ನನಗಂತೂ ಇದು ಬಿಡಬಾರದ ಹಂತ. ಉಪ್ಪು ಹೊರಗಿನ ನೀರನ್ನು ಸ್ವಲ್ಪ ಎಳೆದು ಹಾಕುತ್ತದೆ. ಮಾಂಸದ ಮೇಲ್ಮೈಯ ಸತ್ವವನ್ನು ಕೊಂಚ ಕರಗಿಸಿ ಜಿಗುಟಾಗಿಸುತ್ತದೆ, ಬಿಸಿ ತಗುಲಿದಾಗ ಅದೇ ಗಟ್ಟಿಯಾಗಿ ತುಂಡಿನ ಸುತ್ತ ತೆಳ್ಳಗೆ ಕಟ್ಟಿಕೊಳ್ಳುತ್ತದೆ. 20 ನಿಮಿಷದ ನಂತರ ತಟ್ಟೆಯಲ್ಲಿ ನೀರು ನಿಂತಿರುವುದು ಕಾಣುತ್ತದೆ. ಅದನ್ನು ಚೆಲ್ಲಿ, ಒಂದೇ ಸಲ ನೀರಿನಲ್ಲಿ ಅದ್ದಿ ತೆಗೆಯಿರಿ. ತುಂಡನ್ನು ಮುಟ್ಟಿ ನೋಡಿದರೆ ಮೊದಲಿಗಿಂತ ಬಿಗಿಯಾಗಿರುವುದು ಗೊತ್ತಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಮೀನಾದರೆ ಇದೇ ಹೊತ್ತಿನಲ್ಲಿ ಅದರ ಚಳಿಯೂ ಬಿಡುತ್ತದೆ. ಅದು ಯಾಕೆ ಬೇಕು ಎಂದು ಮುಂದೆ ಹೇಳುತ್ತೇನೆ. ಮೀನಿಗೆ ಆಗಲೇ ಉಪ್ಪು ಹಿಡಿದಿರುವುದರಿಂದ ಸಾರಿಗೆ ಉಪ್ಪು ಹಾಕುವಾಗ ಕೈ ಬಿಗಿ ಹಿಡಿಯಿರಿ.

ಮೀನು ಉಪ್ಪಿನಲ್ಲಿರುವಾಗಲೇ ಸಾರು ಶುರು ಮಾಡಬಹುದು. ಸಣ್ಣ ನಿಂಬೆಗಾತ್ರದ ಹುಣಸೆಹಣ್ಣು, ಸುಮಾರು 25 ಗ್ರಾಂ, ಒಂದೂವರೆ ಲೋಟ ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿಡಿ. ಸೋಸದೆ ಹಾಕಬೇಡಿ. ನಾರು, ಸಿಪ್ಪೆ ತಳದಲ್ಲಿ ಕೂತು ಹಿಡಿಯುತ್ತದೆ, ಆಮೇಲೆ ಸೌಟು ಆಡಿಸುವ ಅನಿವಾರ್ಯ ಬರುತ್ತದೆ. ಪಾತ್ರೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ, ಕಾಲು ಚಮಚ ಮೆಂತ್ಯ, ಕರಿಬೇವು, ಜಜ್ಜಿದ ಏಳೆಂಟು ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಹಾಕಿ ಬಾಡಿಸಿ. ಈರುಳ್ಳಿ ಪೂರ್ತಿ ಮೆತ್ತಗಾಗಲಿ. ಉರಿ ತಗ್ಗಿಸಿ ಎರಡು ಚಮಚ ಖಾರದ ಪುಡಿ, ಎರಡು ಚಮಚ ಧನಿಯ ಪುಡಿ, ಅರ್ಧ ಚಮಚ ಅರಿಸಿನ ಹಾಕಿ ಅರ್ಧ ನಿಮಿಷ ಕೈಯಾಡಿಸಿ, ಪುಡಿ ಸೀಯುವ ಮೊದಲು ಹುಣಸೆರಸ, ಅದರ ಜೊತೆ ಇನ್ನೊಂದು ಲೋಟ ನೀರು ಹೊಯ್ಯಿರಿ.

ಇಲ್ಲಿಂದ 10ರಿಂದ 12 ನಿಮಿಷ ಜೋರಾಗಿಯೇ ಕುದಿಸಿ. ಸೌಟು ಎಷ್ಟು ಬೇಕಾದರೂ ಆಡಿಸಿ, ಆಡಿಸುವ ಹೊತ್ತು ಇದೇ. ಮೊದಮೊದಲು ಹುಣಸೆಯ ಹಸಿವಾಸನೆ ಮೂಗಿಗೆ ಚುಚ್ಚುತ್ತದೆ, ಬಣ್ಣ ಮಂಕಾಗಿರುತ್ತದೆ, ನೊರೆ ಬರುತ್ತದೆ. ಆಮೇಲೆ ನೊರೆ ಅಡಗಿ, ಬಣ್ಣ ಕಡುವಾಗಿ, ಅಂಚಿನಲ್ಲಿ ಎಣ್ಣೆ ಸಣ್ಣ ಸಣ್ಣ ಬೊಟ್ಟುಗಳಾಗಿ ತೇಲುತ್ತದೆ. ಆಗ ಉಪ್ಪು, ಹುಳಿ, ಖಾರ ನೋಡಿ. ಏನಾದರೂ ತಿದ್ದಬೇಕಿದ್ದರೆ ಈಗಲೇ ತಿದ್ದಿ, ಮೀನು ಬಿದ್ದ ಮೇಲೆ ಉಪ್ಪು ಹಾಕಿ ಕಲಸುವ ಪ್ರಸಂಗ ಬರಬಾರದು. ರುಚಿ ನೀವು ಊಟಕ್ಕೆ ಬಯಸುವುದಕ್ಕಿಂತ ಒಂದು ಹದ ಮೇಲಿರಲಿ. ಮೀನು ತನ್ನ ನೀರು ಬಿಟ್ಟು ಅದನ್ನು ಇಳಿಸುತ್ತದೆ. ದಪ್ಪವೂ ಹಾಗೆಯೇ, ಸೌಟಿನ ಬೆನ್ನಿಗೆ ತೆಳ್ಳಗೆ ಅಂಟುವಷ್ಟಿದ್ದರೆ ಸಾಕು. ಈ ಹಂತದಲ್ಲೇ ತೀರಾ ಗಟ್ಟಿಯಾದರೆ ತುಂಡುಗಳು ತಳಕ್ಕೆ ಅಂಟುತ್ತವೆ, ಎತ್ತುವಾಗ ತೊಗಲು ಅಲ್ಲೇ ಉಳಿಯುತ್ತದೆ. ತೊಗಲು ಹೋದರೆ ಮಿಕ್ಕದ್ದೂ ಹೋದ ಹಾಗೆ.

ಪಾತ್ರೆಯ ಬಗ್ಗೆ ಒಂದು ಮಾತು. ತುಂಡುಗಳೆಲ್ಲ ಒಂದೇ ಸಾಲಿನಲ್ಲಿ ಕೂರುವಷ್ಟು ಅಗಲವಿರಬೇಕು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬೆಂದು ನಲುಗುತ್ತದೆ, ಮೇಲಿನದು ಹಸಿಯಾಗಿಯೇ ಇರುತ್ತದೆ, ಅದನ್ನು ಸರಿಮಾಡಲು ಮಗುಚಬೇಕಾಗುತ್ತದೆ. ಆಳದ ಪಾತ್ರೆಗಿಂತ ಅಗಲ ಬಾಯಿಯ ಮಣ್ಣಿನ ಪಾತ್ರೆ ಅಥವಾ ದಪ್ಪ ತಳದ ಸ್ಟೀಲ್ ಪಾತ್ರೆ ಒಳ್ಳೆಯದು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ, ಬರಿಯ ಅಲ್ಯೂಮಿನಿಯಂ ಹುಳಿಗೆ ಆಗದು.

ಇನ್ನು ಮೀನು ಬಿಡುವ ಹಂತ. ಮೊದಲು ಉರಿ ಸಣ್ಣಗೆ ಮಾಡಿ, ಕುದಿತ ತಗ್ಗಲಿ. ತುಂಡುಗಳನ್ನು ಒಂದೊಂದಾಗಿ, ಒಂದಕ್ಕೊಂದು ತಾಗದಂತೆ, ಅಂಚಿನಿಂದ ಜಾರಿಸಿ ಇಡಿ. ಸಾರು ತುಂಡುಗಳನ್ನು ಸರಿಯಾಗಿ ಮುಚ್ಚುವ ಮಟ್ಟದಲ್ಲಿರಬೇಕು. ಮೇಲ್ಭಾಗ ಸ್ವಲ್ಪ ಹೊರಗೆ ಕಂಡರೆ ಮಗುಚಬೇಡಿ, ಬದಿಯಿಂದ ಒಂದು ಚಮಚ ಸಾರು ತೆಗೆದು ಅದರ ಮೇಲೆ ಹೊಯ್ಯಿರಿ.

ಮೀನು ಬಿಟ್ಟ ಕೂಡಲೇ ಸಾರು ತಣ್ಣಗಾಗಿ ಕುದಿ ಪೂರ್ತಿ ನಿಂತುಬಿಡುತ್ತದೆ. ಮೀನು ಕೊರೆಯುವಷ್ಟು ತಣ್ಣಗಿದ್ದರೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಕೈ ಸುಮ್ಮನಿರುವುದಿಲ್ಲ, ಉರಿ ಜೋರು ಮಾಡಿ ಮುಚ್ಚಳ ಮುಚ್ಚಿಬಿಡುತ್ತೇವೆ. ಮುಚ್ಚಳದೊಳಗೆ ಅದು ಯಾವಾಗ ಉಕ್ಕಿ ಕುದಿಯಲು ಶುರುವಾಯಿತೋ ಕಾಣುವುದಿಲ್ಲ, ಕಾಣುವ ಹೊತ್ತಿಗೆ ತುಂಡುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಅದಕ್ಕೇ ಮೀನಿನ ಚಳಿ ಬಿಡಿಸಿಕೊಳ್ಳಲು ಹೇಳಿದ್ದು. ಉರಿಯನ್ನು ಸಣ್ಣ ಮತ್ತು ಮಧ್ಯಮದ ನಡುವೆ ಇಟ್ಟು ಕಾಯಿರಿ. ಒಂದೂವರೆ ಎರಡು ನಿಮಿಷದಲ್ಲಿ ಅಂಚಿನಲ್ಲಿ ಒಂದೊಂದೇ ಗುಳ್ಳೆ ಏಳುತ್ತದೆ. ಆಗ ಉರಿಯನ್ನು ಪೂರ್ತಿ ಸಣ್ಣಗೆ ಮಾಡಿ, ಅಲ್ಲೇ ನಿಲ್ಲಿಸಿ. ಅಂಚು ಅಲುಗಬೇಕು, ನಡುಭಾಗ ಸುಮ್ಮನಿರಬೇಕು. ಮುಚ್ಚಳವನ್ನು ಓರೆಯಾಗಿ, ಉಗಿ ಹೋಗುವಂತೆ ಇಡಿ.

ಸೌಟನ್ನು ಈಗ ದೂರ ಇಡಿ. ತಳ ಹಿಡಿಯದಂತೆ ಮಾಡಲು ಬೇರೆ ದಾರಿಯಿದೆ. ಪಾತ್ರೆಯ ಎರಡೂ ಬದಿ ಮಸಿಬಟ್ಟೆಯಿಂದ ಹಿಡಿದು, ಒಲೆಯಿಂದ ಎತ್ತದೆ, ಚಕ್ರಾಕಾರವಾಗಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಸಾರು ಸುತ್ತಿಕೊಂಡು ತುಂಡಿನಡಿ ನುಗ್ಗುತ್ತದೆ, ತುಂಡು ಅರ್ಧ ಬೆರಳಷ್ಟು ಜರುಗಿ ತಳ ಬಿಡುತ್ತದೆ. ಮೀನು ಇಟ್ಟ ಒಂದು ನಿಮಿಷಕ್ಕೆ ಒಂದು ಸಲ, ಮೂರು ನಿಮಿಷಕ್ಕೆ ಇನ್ನೊಂದು ಸಲ ಹೀಗೆ ಮಾಡಿದರೆ ಸಾಕು. ಮೊದಲನೆಯ ಸಲವೇ ಮುಖ್ಯ. ಹಸಿ ತೊಗಲು ಬಿಸಿ ತಳಕ್ಕೆ ಅಂಟುವುದು ಆ ಆರಂಭದ ಹೊತ್ತಿನಲ್ಲಿ.

ಬೆಂದಿದೆಯೇ ಎಂದು ನೋಡಲು ಐದನೆಯ ನಿಮಿಷಕ್ಕೆ ಅತಿ ದಪ್ಪನೆಯ ತುಂಡನ್ನು ಆರಿಸಿ, ನಡುಮುಳ್ಳಿನ ಹತ್ತಿರ ಚೂಪಾದ ಕಡ್ಡಿ ಅಥವಾ ಕತ್ತಿಯ ತುದಿ ಇಳಿಸಿ ಒಂಚೂರು ಸರಿಸಿ. ಮುಳ್ಳಿನ ಪಕ್ಕದ ಮಾಂಸ ಇನ್ನೂ ಗಾಜಿನಂತೆ ಪಾರದರ್ಶಕವಾಗಿ, ಮುಳ್ಳಿಗೆ ಅಂಟಿಕೊಂಡಿದ್ದರೆ ಒಂದು ನಿಮಿಷ ಬೇಕು. ಬಣ್ಣ ಮಸುಕಾಗಿ, ಮುಳ್ಳಿನಿಂದ ಬಿಡಲು ಆಗಷ್ಟೇ ಒಪ್ಪುತ್ತಿದ್ದರೆ ಆಯಿತು, ಒಲೆ ಆರಿಸಿ. ತಲೆಯನ್ನೂ ಸಾರಿಗೆ ಹಾಕಿದ್ದರೆ ಅದರ ಕಣ್ಣು ಪೂರ್ತಿ ಬೆಳ್ಳಗಾಗಿರುವುದು ಇನ್ನೊಂದು ಗುರುತು. ತುಂಡಿನ ಕೊಯ್ದ ಬದಿಯಲ್ಲಿ ಮಾಂಸ ಹಿಂದಕ್ಕೆ ಸರಿದು ಮುಳ್ಳಿನ ತುದಿ ಹೊರಗೆ ಚಾಚಿಕೊಂಡಿದೆ ಎಂದರೆ ಹದ ದಾಟಿದೆ. ತಕ್ಷಣ ಒಲೆ ಆರಿಸಿ, ಮುಟ್ಟದೆ ಬಿಟ್ಟುಬಿಡಿ, ಆಗಲೂ ಬಹಳಷ್ಟು ತುಂಡುಗಳು ಉಳಿಯುತ್ತವೆ. ಮಣ್ಣಿನ ಪಾತ್ರೆಯಾದರೆ ಒಲೆ ಆರಿಸಿದ ಮೇಲೂ ಸಾರು ಸ್ವಲ್ಪ ಹೊತ್ತು ಕುದಿಯುತ್ತಲೇ ಇರುತ್ತದೆ. ಆದ್ದರಿಂದ ಒಂದೆರಡು ನಿಮಿಷ ಮೊದಲೇ ಆರಿಸಬೇಕು.

ಆರಿಸಿದ ಮೇಲೆ ಅರ್ಧ ಗಂಟೆ ಮುಟ್ಟಬೇಡಿ. ಬಿಸಿಯಿಳಿದಂತೆ ಬೆಂದ ಮಾಂಸ ಮತ್ತೆ ಕೊಂಚ ಬಿಗಿಯುತ್ತದೆ, ಪದರಗಳು ಅಷ್ಟು ಸುಲಭವಾಗಿ ಜಾರುವುದಿಲ್ಲ. ಒಲೆಯಿಂದ ಇಳಿಸಿದ ಕೂಡಲೇ ಬಡಿಸಹೊರಟರೆ ಒಡೆಯುವ ಅದೇ ತುಂಡು, ಅರ್ಧ ಗಂಟೆ ಬಿಟ್ಟರೆ ಇಡಿಯಾಗಿ ತಟ್ಟೆಗೆ ಬರುತ್ತದೆ. ಹುಳಿ ಮತ್ತು ಉಪ್ಪು ಒಳಗೆ ಇಳಿಯುವುದೂ ಈ ಹೊತ್ತಿನಲ್ಲೇ. ಮಾಡಿದ ಸಾರಿಗಿಂತ ಕೂತ ಸಾರು ರುಚಿ ಎನ್ನುವುದಕ್ಕೆ ಇದೂ ಒಂದು ಕಾರಣ. ಬಡಿಸುವಾಗ ಗುಂಡಗಿನ ಸೌಟಿನಿಂದ ಬಗೆಯಬೇಡಿ, ದೋಸೆ ಮಗುಚುವ ಚಪ್ಪಟೆ ಕೈಯನ್ನು ತುಂಡಿನಡಿ ಪೂರ್ತಿ ತೂರಿಸಿ ಎತ್ತಿ, ಸಾರನ್ನು ಬೇರೆ ಸೌಟಿನಿಂದ ಮೇಲೆ ಹೊಯ್ಯಿರಿ.

ಹುರಿದು ಹಾಕುವ ಬಗ್ಗೆ ಕೇಳಿದ್ದೀರಿ. ಕೆಲಸಕ್ಕೆ ಬರುತ್ತದೆ, ಆದರೆ ತಾಜಾ ಬಂಗುಡೆಗೆ ನಾನು ಅದನ್ನು ಹೇಳುವುದಿಲ್ಲ. ಕಾದ ಎಣ್ಣೆಯಲ್ಲಿ ಒಂದೊಂದು ಬದಿ ಒಂದೊಂದು ನಿಮಿಷ ಇಟ್ಟರೆ ಹೊರಮೈ ಗಟ್ಟಿಯಾಗುವುದು ನಿಜ. ಜೊತೆಗೆ ಆ ಗಟ್ಟಿ ಮೈ ಸಾರನ್ನು ಒಳಗೆ ಬಿಡುವುದಿಲ್ಲ, ಹುಳಿ ಹೊರಗೇ ಉಳಿಯುತ್ತದೆ, ಸಾರಿಗೆ ಮೀನಿನ ಸಾರವೂ ಅಷ್ಟಾಗಿ ಇಳಿಯುವುದಿಲ್ಲ. ಬಾಣಲೆ ಸಾಕಷ್ಟು ಕಾದಿರದಿದ್ದರೆ ಮಗುಚುವಾಗ ಅಲ್ಲೇ ತೊಗಲು ಕಿತ್ತುಬರುತ್ತದೆ. ಈ ದಾರಿ ಮುಳ್ಳು, ತೊಗಲು ಎರಡೂ ಇಲ್ಲದ ತುಂಡುಗಳಿಗೆ, ಅಥವಾ ಹೆಪ್ಪುಗಟ್ಟಿಸಿಟ್ಟ ಮೀನಿಗೆ ಸರಿ. ಹೆಪ್ಪುಗಟ್ಟುವಾಗ ಒಳಗಿನ ನೀರು ಮಂಜಿನ ಹರಳಾಗಿ ಮಾಂಸವನ್ನು ಹರಿದಿರುತ್ತದೆ, ಅದಕ್ಕೆ ಹೊರಗಿನ ಆಸರೆ ಬೇಕು. ಅಂಥ ಮೀನನ್ನು ಬಿಸಿನೀರಿನಲ್ಲಿ ಕರಗಿಸಬೇಡಿ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ನಿಧಾನವಾಗಿ ಬಿಡಿಸಿಕೊಂಡು, ನೀರು ಬಸಿದು, ಉಪ್ಪು ಹಚ್ಚಿ.

ಬೇರೆ ಮೀನಿಗೂ ಕ್ರಮ ಇದೇ, ಹೊತ್ತು ಮಾತ್ರ ಬದಲು. ಬೂತಾಯಿ ಚಿಕ್ಕದು, ಮೂರು ನಾಲ್ಕು ನಿಮಿಷ ಸಾಕು, ಇಡಿಯಾಗಿಯೇ ಹಾಕಿ. ಅಂಜಲ್‌ನಂಥ ದೊಡ್ಡ ಮೀನಿನ ಬಿಲ್ಲೆಗಳು ಎರಡು ಸೆಂಟಿಮೀಟರಿಗಿಂತ ತೆಳ್ಳಗಿರಬಾರದು, ಅವಕ್ಕೆ ಏಳೆಂಟು ನಿಮಿಷ ಬೇಕು. ಕಾಟ್ಲಾ, ರೋಹು ದಪ್ಪ ಬಿಲ್ಲೆಯಾದರೆ ಇನ್ನೂ ಒಂದೆರಡು ನಿಮಿಷ. ಒಂದೇ ಮೀನಿನ ಹೊಟ್ಟೆಭಾಗದ ತೆಳು ತುಂಡುಗಳನ್ನು ಬೆನ್ನಿನ ದಪ್ಪ ತುಂಡುಗಳ ನಂತರ ಹಾಕುವುದು ಜಾಣತನ.

ಮಿಕ್ಕ ಸಾರನ್ನು ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಹುಳಿ ಇದೆ, ಕೆಡುವುದಿಲ್ಲ ಎಂದು ರಾತ್ರಿಯಿಡೀ ಹೊರಗೆ ಬಿಡಬೇಡಿ. ಮರುದಿನ ತಣ್ಣಗಿರುವಾಗಲೇ, ತುಂಡುಗಳು ಬಿಗಿಯಾಗಿ ಕೂತಿರುವ ಹೊತ್ತಿನಲ್ಲೇ, ಅವನ್ನು ತಟ್ಟೆಗೆ ಎತ್ತಿಟ್ಟುಕೊಂಡು ಬರಿಯ ಸಾರನ್ನು ಚೆನ್ನಾಗಿ ಕುದಿಸಿ. ಉರಿ ಸಣ್ಣಗೆ ಮಾಡಿ ತುಂಡುಗಳನ್ನು ಮತ್ತೆ ಜಾರಿಸಿ, ಮುಚ್ಚಿ, ಒಳಗಿನ ತನಕ ಬಿಸಿಯಾಗುವವರೆಗೆ ಬಿಡಿ. ಈ ಸಲವೂ ಸೌಟು ಬೇಡ, ಪಾತ್ರೆಯನ್ನು ಒಮ್ಮೆ ತಿರುಗಿಸಿದರೆ ಸಾಕು.